ಗಳಿಗೆ ಬರೆದಿಟ್ಟ ಮಾತು

ಬರೆದದ್ದು ತಪ್ಪೆಂದು ತಿಳಿದ ಮೇಲೆ ಅದನ್ನು ಅಳಿಸಬೇಕೋ, ಅಥವಾ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದನ್ನು ಬರೆಯಬೇಕೋ? ಮೇಲುನೋಟಕ್ಕೆ ಎರಡೂ ಒಂದೇ. ಎರಡರಲ್ಲೂ ತಪ್ಪು ಹೋಗಿ ಸರಿ ಬರುತ್ತದೆ. ಆದರೆ ನಮ್ಮ ಶಾಲೆಗಳ ಹಾಜರಿ ಪುಸ್ತಕಕ್ಕೆ ಒಂದು ಹಳೆಯ ಕಟ್ಟಳೆಯಿದೆ. ಗೈರುಹಾಜರಾದ ಮಗುವಿನ ಮುಂದೆ ಹಾಜರಿಯ ಗುರುತು ಬಿದ್ದುಹೋದರೆ ಬ್ಲೇಡಿನಿಂದ ಕೆರೆಯುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಕೆಳಗಿನ ಗುರುತು ಓದಲು ಬರುವ ಹಾಗೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು, ಚಿಕ್ಕ ಸಹಿ ಮಾಡಿ ತಾರೀಖು ಹಾಕಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೆಲ್ಲ ಗುಮಾಸ್ತರ ಕಿರಿಕಿರಿ ಎಂದುಕೊಂಡಿದ್ದೆ. ಈ ಕಟ್ಟಳೆಯೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ ಎಂದು ಯೋಚಿಸುವ ಹಾಗಾದದ್ದು ಶಾಲೆಯಲ್ಲಲ್ಲ, ಒಂದು ಚುನಾವಣೆಯ ಮತ ಎಣಿಕೆಯ ದಿನ.

ಈಗ ಸುದ್ದಿ ಬರುವ ರೀತಿಯನ್ನು ನೀವೂ ಕಂಡಿರುತ್ತೀರಿ. ಮರುದಿನ ಬೆಳಿಗ್ಗೆ ಪತ್ರಿಕೆ ಬೀಳುವ ತನಕ ಯಾರೂ ಕಾಯುವುದಿಲ್ಲ. ದೊಡ್ಡ ಘಟನೆ ನಡೆಯುತ್ತಿರುವಾಗಲೇ ಫೋನಿನಲ್ಲಿ ಎರಡೆರಡು ಸಾಲಿನ ಟಿಪ್ಪಣಿಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಪ್ರತಿಯೊಂದರ ತಲೆಯ ಮೇಲೂ ಗಂಟೆ ನಿಮಿಷ. ತೀರ ಹೊಸದು ಮೇಲೆ, ಹಳೆಯದು ಕೆಳಗೆ. ಓದುವವರು ಬಾವಿಯೊಳಕ್ಕೆ ಇಣುಕಿದ ಹಾಗೆ ಮೇಲಿನಿಂದ ಕೆಳಕ್ಕೆ ಹೋಗಬೇಕು. ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಇಂಥ ಟಿಪ್ಪಣಿ ಬರೆಯುವ ಕೆಲಸದಲ್ಲಿದ್ದಾಳೆ. 2023ರ ಮೇ 13ರಂದು ನಮ್ಮ ವಿಧಾನಸಭೆಯ ಮತ ಎಣಿಕೆ ನಡೆಯಿತಲ್ಲ, ಆಗ ಅವಳ ಮಗುವಿಗೆ ಎಂಟು ತಿಂಗಳು. ಕಚೇರಿಯವರು ಮನೆಯಿಂದಲೇ ಬರೆಯಲು ಒಪ್ಪಿದ್ದರು. ನಮಗೆ ಬೇಸಿಗೆ ರಜೆ. ಮಗುವನ್ನು ನೋಡಿಕೊಳ್ಳಲು ನಾನು ಹೋಗಿದ್ದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತ ಇಡೀ ದಿನ ಅವಳ ಕೆಲಸವನ್ನು ಹತ್ತಿರದಿಂದ ನೋಡಿದೆ.

ಎಣಿಕೆ ನಡೆಯುವ ಕ್ರಮ ಸ್ವಲ್ಪ ತಿಳಿಯದಿದ್ದರೆ ಆ ಟಿಪ್ಪಣಿಗಳ ಕಷ್ಟ ಗೊತ್ತಾಗುವುದಿಲ್ಲ. ಬೆಳಿಗ್ಗೆ 8 ಗಂಟೆಗೆ ಮೊದಲು ಅಂಚೆ ಮತಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಅರ್ಧ ಗಂಟೆಯ ನಂತರ ಮತಯಂತ್ರಗಳು ಬರುತ್ತವೆ. ಒಂದು ಕ್ಷೇತ್ರಕ್ಕೆ ಸಾಮಾನ್ಯವಾಗಿ ಹದಿನಾಲ್ಕು ಮೇಜು. ಒಂದೊಂದು ಮೇಜಿಗೆ ಒಂದೊಂದು ಮತಗಟ್ಟೆಯ ಯಂತ್ರ. ಹದಿನಾಲ್ಕೂ ಮುಗಿದು, ಅಂಕಿಗಳನ್ನು ಕೂಡಿ, ಚುನಾವಣಾಧಿಕಾರಿ ರುಜು ಹಾಕಿದರೆ ಒಂದು ಸುತ್ತು ಆಯಿತು. ಕ್ಷೇತ್ರದಲ್ಲಿ 240 ಮತಗಟ್ಟೆಗಳಿದ್ದರೆ ಹದಿನೆಂಟು ಸುತ್ತು ಬೇಕು. ಎಲ್ಲ ಸುತ್ತೂ ಮುಗಿದ ಮೇಲೆ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳಲ್ಲಿ, ಮತಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ಬಿದ್ದ ಕಾಗದದ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಆಮೇಲೆಯೇ ಅಧಿಕಾರಿ ಫಲಿತಾಂಶ ಘೋಷಿಸಿ, ಗೆದ್ದವರ ಕೈಗೆ ಪ್ರಮಾಣಪತ್ರ ಕೊಡುವುದು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಸುತ್ತಿಗೆ 1ರಿಂದ 14ನೆಯ ಮತಗಟ್ಟೆ, ಎರಡನೆಯದಕ್ಕೆ 15ರಿಂದ 28 ಎಂದು ಕ್ರಮವಾಗಿ ಬರುತ್ತವೆ. ಮತಗಟ್ಟೆಗಳ ಸಂಖ್ಯೆಯಾದರೋ ಊರಿನ ಒಂದು ಬದಿಯಿಂದ ಹೊರಟು ಇನ್ನೊಂದು ಬದಿಗೆ ಹೋಗಿರುತ್ತದೆ. ಹಾಗಾಗಿ ಮೂರು ಸುತ್ತು ಮುಗಿಯಿತು ಎಂದರೆ ಇಡೀ ಕ್ಷೇತ್ರದ ಆರನೆಯ ಒಂದು ಪಾಲು ಎಣಿಸಿದ್ದಾರೆ ಎಂದಷ್ಟೇ ಅಲ್ಲ, ತಾಲ್ಲೂಕಿನ ಒಂದು ಮೂಲೆಯ ಹಳ್ಳಿಗಳನ್ನು ಮಾತ್ರ ಎಣಿಸಿದ್ದಾರೆ ಎಂದು ಅರ್ಥ. ಆ ಮೂಲೆ ಯಾರ ಕಡೆಯದೋ ಅವರು ‘ಮುನ್ನಡೆ’ಯಲ್ಲಿರುತ್ತಾರೆ. ಅನ್ನದ ಒಂದು ಅಗುಳು ಹಿಚುಕಿ ಬೆಂದಿದೆಯೋ ಇಲ್ಲವೋ ಹೇಳುತ್ತೇವಲ್ಲ, ಅದು ಪಾತ್ರೆಗೆಲ್ಲ ಒಂದೇ ಉರಿ ತಾಗಿರುವುದರಿಂದ. ಮತ ಎಣಿಕೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಪಟಾಕಿ ಹೊಡೆದು ಮಧ್ಯಾಹ್ನ ಬಾಗಿಲು ಹಾಕಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ.

ನನ್ನ ತಂಗಿಯ ಮಗಳಿಗೆ ಸುದ್ದಿ ಎರಡು ದಾರಿಯಲ್ಲಿ ಬರುತ್ತಿತ್ತು. ಒಂದು, ಚುನಾವಣಾ ಆಯೋಗದ results.eci.gov.in ಎಂಬ ವಿಳಾಸ. ಅಲ್ಲಿ ಅಧಿಕಾರಿಯ ರುಜು ಬಿದ್ದ ಸುತ್ತುಗಳು ಮಾತ್ರ ಏರುತ್ತವೆ, ಆದ್ದರಿಂದ ತಡ. ಇನ್ನೊಂದು, ಎಣಿಕೆ ಕೇಂದ್ರದ ಹೊರಗೆ ನಿಂತ ವರದಿಗಾರರ ಫೋನು. ಅವರಿಗೆ ಸುದ್ದಿ ಕೊಡುವವರು ಒಳಗೆ ಕುಳಿತ ಪಕ್ಷಗಳ ಏಜೆಂಟರು. ಅವರು ತಮ್ಮ ಹಾಳೆಯಲ್ಲಿ ಕೂಡಿ ಕಳೆದು ಹೇಳಿ ಕಳಿಸುತ್ತಾರೆ. ಅದು ಬೇಗ, ಆದರೆ ಅದರಲ್ಲಿ ಅವರವರ ಆಸೆಯೂ ಬೆರೆತಿರುತ್ತದೆ. ಒಂದೇ ಕ್ಷೇತ್ರದ ಬಗ್ಗೆ ಆಯೋಗ ನಾಲ್ಕನೆಯ ಸುತ್ತು ಹೇಳುತ್ತಿದ್ದರೆ ಫೋನಿನವರು ಆರನೆಯದನ್ನು ಹೇಳುತ್ತಿರುತ್ತಾರೆ. ಎರಡೂ ಸುಳ್ಳಲ್ಲ. ಎರಡರ ಗಳಿಗೆ ಬೇರೆ.

ಹೀಗಾಗಿ ಒಂದು ಟಿಪ್ಪಣಿಯೊಳಗೆ ಮೂರು ಹೊತ್ತು ಇರುತ್ತವೆ ಎಂಬುದು ನನಗೆ ಅಂದು ಹೊಳೆಯಿತು. ಅದು ನಡೆದ ಹೊತ್ತು, ಬರೆಯುವವಳಿಗೆ ತಿಳಿದ ಹೊತ್ತು, ಅವಳು ಬರೆದ ಹೊತ್ತು. ತಲೆಯ ಮೇಲೆ ಬೀಳುವ ಗಂಟೆ ಈ ಮೂರನೆಯದು ಮಾತ್ರ. ಓದುವವರು ಅದನ್ನೇ ಮೊದಲನೆಯದೆಂದು ತಿಳಿಯುತ್ತಾರೆ. ನಮ್ಮ ಹುಡುಗಿ ಮಾಡುತ್ತಿದ್ದುದು ಸರಳ ಕೆಲಸ: 10.12ಕ್ಕೆ ಬರೆದರೆ, ‘ಐದನೆಯ ಸುತ್ತಿನ ಕೊನೆಗೆ, ಏಜೆಂಟರ ಲೆಕ್ಕದಂತೆ’ ಎಂದು ಸೇರಿಸುತ್ತಿದ್ದಳು. ಆ ನಾಲ್ಕೈದು ಮಾತು ಇಲ್ಲದಿದ್ದರೆ ವಾಕ್ಯ ಚುರುಕಾಗಿರುತ್ತದೆ, ಇದ್ದರೆ ಸ್ವಲ್ಪ ಭಾರ. ಅವಳ ಕಚೇರಿಯಲ್ಲಿ ಕೆಲವರಿಗೆ ಈ ಭಾರ ಹಿಡಿಸುತ್ತಿರಲಿಲ್ಲವಂತೆ. ‘ಲೀಡ್ ಅಂತ ಹಾಕಿ ಬಿಡಿ, ಜನಕ್ಕೆ ಸುತ್ತುಗಿತ್ತು ಬೇಡ’ ಎಂದು ಫೋನಿನಲ್ಲಿ ಯಾರೋ ಹೇಳುತ್ತಿದ್ದುದು ನನಗೂ ಕೇಳಿಸಿತು. ಜನರಿಗೆ ಏನು ಬೇಕು ಏನು ಬೇಡ ಎಂಬುದು ಇಂಥವರಿಗೆ ಹೇಗೆ ಇಷ್ಟು ಚೆನ್ನಾಗಿ ಗೊತ್ತಿರುತ್ತದೋ!

ಸಂಜೆಯ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು. ಒಟ್ಟು 224 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 136 ಎಂದು ಊರೆಲ್ಲ ಹೇಳುತ್ತಿತ್ತು. ಅವಳ ಪತ್ರಿಕೆಯಲ್ಲೂ ಅದೇ ಟಿಪ್ಪಣಿ ಹೋಯಿತು. ಆ 136ರಲ್ಲಿ ಬೆಂಗಳೂರಿನ ಜಯನಗರವೂ ಸೇರಿತ್ತು. ಅಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಬಹಳ ಸಣ್ಣ ಅಂತರದಿಂದ ಗೆದ್ದರು ಎಂದು ಸುದ್ದಿ ಹರಡಿತ್ತು. ಆದರೆ ಎದುರಾಳಿ, ಬಿಜೆಪಿಯ ಸಿ. ಕೆ. ರಾಮಮೂರ್ತಿಯವರ ಕಡೆಯವರು ಮರುಎಣಿಕೆ ಕೇಳಿದರು. ತಿರಸ್ಕರಿಸಿದ ಅಂಚೆ ಮತಗಳ ಮೇಲೆ ಜಗಳವೆದ್ದಿತು. ಎಣಿಕೆ ಕೇಂದ್ರದ ಹೊರಗೆ ಎರಡೂ ಕಡೆಯವರು ಸೇರಿದರು. ರಾಜ್ಯದ ಉಳಿದ ಕ್ಷೇತ್ರಗಳೆಲ್ಲ ಮುಗಿದು ಜನ ಊಟ ಮಾಡಿ ಮಲಗುವ ಹೊತ್ತಾದರೂ ಅಲ್ಲಿ ಎಣಿಸುತ್ತಲೇ ಇದ್ದರು. ತಡರಾತ್ರಿ ಘೋಷಣೆಯಾಯಿತು: ರಾಮಮೂರ್ತಿಯವರಿಗೆ 57,797, ಸೌಮ್ಯಾ ಅವರಿಗೆ 57,781. ಅಂತರ 16. ನಮ್ಮ ಓಣಿಯಲ್ಲಿ ಒಂದು ಮನೆಯವರು ಮದುವೆಗೆ ಹೋಗಿ ಮತ ಹಾಕಲು ಬರದಿದ್ದರೆ ಅಷ್ಟು ಮತ ಆಗಿಬಿಡುತ್ತದೆ. ಕಾಂಗ್ರೆಸ್ಸಿನ 136, 135 ಆಯಿತು.

ಒಂದು ಅಂಕಿ. ಸರ್ಕಾರ ಯಾರದೆಂಬುದು ಅದರಿಂದ ಬದಲಾಗುವಂತಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಸಂಜೆಯ ಟಿಪ್ಪಣಿಯಲ್ಲಿ 6 ಇದ್ದಲ್ಲಿ 5 ಮಾಡಿಬಿಡು, ಯಾರು ನೋಡುತ್ತಾರೆ, ನಾಳೆ ಓದುವವರಿಗಾದರೂ ಸರಿ ಇರಲಿ ಎಂದರು. ಇವಳು ಒಪ್ಪಲಿಲ್ಲ.

“ಸಂಜೆಗೆ 135 ಅಂತ ಯಾರಿಗೂ ಗೊತ್ತಿರಲಿಲ್ಲ ಸರ್. ಸಂಜೆಯ ಗಂಟೆ ಹಾಕಿ 135 ಅಂತ ಬರೆದರೆ ನಾವು ಮೊದಲೇ ತಿಳಿದಿದ್ದ ಹಾಗೆ ಆಗುತ್ತೆ” ಎಂದಳು.

ಆಚೆಯವರು ಏನೆಂದರೋ. ಇವಳು ಫೋನ್ ಇಟ್ಟು ನನ್ನ ಕಡೆ ತಿರುಗಿ, “ದೊಡ್ಡಮ್ಮಾ, ನೀವಾಗಿದ್ದರೆ ಏನು ಮಾಡ್ತಿದ್ದಿರಿ?” ಎಂದಳು.

“ಗೆರೆ ಎಳೆದು ಸಹಿ ಹಾಕ್ತಿದ್ದೆ ಕಣೇ” ಎಂದೆ. ಅಭ್ಯಾಸಬಲ!

ಅವಳು ಮಾಡಿದ್ದೂ ಅದನ್ನೇ. ಸಂಜೆಯ ಟಿಪ್ಪಣಿಯಲ್ಲಿ 136ರ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ 135 ಎಂದು ಬರೆದು, ಅದರ ಕೆಳಗೇ ‘ತಿದ್ದುಪಡಿ: ಜಯನಗರದ ಮರುಎಣಿಕೆಯ ನಂತರ’ ಎಂದು ತಿದ್ದಿದ ಗಂಟೆಯನ್ನು ಹಾಕಿದಳು. ಸಂಜೆಯ ಗಂಟೆಯನ್ನು ಮುಟ್ಟಲಿಲ್ಲ. ಇಷ್ಟಕ್ಕೇ ನಿಲ್ಲದೆ ಎಲ್ಲಕ್ಕಿಂತ ಮೇಲೆ ಹೊಸ ಟಿಪ್ಪಣಿಯೊಂದನ್ನು ಬರೆದು, ಹಿಂದೆ 136 ಎಂದು ಹೇಳಿದ್ದೆವು, ಅದು 135 ಎಂದು ಓದಿಕೊಳ್ಳಿ ಎಂದಳು. ಕೆಳಗೆ ಮಾತ್ರ ತಿದ್ದಿ ಸುಮ್ಮನಾದರೆ ಅದನ್ನು ಕಾಣುವವರು ಯಾರು? ಬಾವಿಯ ತಳದಲ್ಲಿ ಬರೆದಿಟ್ಟ ಹಾಗೆ.

ಆದರೆ ಅದೇ ಹುಡುಗಿ, ತಲೆಯ ಮೇಲಿನ ಚೌಕದಲ್ಲಿ ‘ಈವರೆಗಿನ ಮುಖ್ಯಾಂಶ’ ಎಂದು ನಾಲ್ಕು ಸಾಲು ಇರುತ್ತದಲ್ಲ, ಅಲ್ಲಿದ್ದ 136ನ್ನು ಯಾವ ಗೆರೆಯೂ ಇಲ್ಲದೆ ಅಳಿಸಿ 135 ಮಾಡಿದಳು. ಇದೇನು, ಇಲ್ಲೊಂದು ನ್ಯಾಯ ಅಲ್ಲೊಂದು ನ್ಯಾಯವೇ ಎಂದು ಕೇಳಿದೆ. “ಅದು ಈಗ ಎಷ್ಟು ಅಂತ ಹೇಳೋ ಜಾಗ ದೊಡ್ಡಮ್ಮಾ. ಇದು ಆಗ ಏನು ಹೇಳಿದ್ವಿ ಅಂತ ಹೇಳೋ ಜಾಗ” ಎಂದಳು. ನನಗೆ ತಕ್ಷಣ ತರಗತಿ ನೆನಪಾಯಿತು. ಕರಿಹಲಗೆಯ ಮೂಲೆಯಲ್ಲಿ ಒಟ್ಟು ಇಷ್ಟು, ಹಾಜರು ಇಷ್ಟು ಎಂದು ಬರೆದಿರುತ್ತೇವೆ. ತಡವಾಗಿ ಒಬ್ಬ ಬಂದರೆ ಡಸ್ಟರಿನಿಂದ ಒರೆಸಿ ಹೊಸ ಅಂಕಿ ಬರೆಯುತ್ತೇವೆ. ಅದಕ್ಕೆ ಯಾರೂ ಸಹಿ ಕೇಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹಾಗೆ ಮಾಡುವಂತಿಲ್ಲ. ಕರಿಹಲಗೆ ಇಂದಿನದು, ಪುಸ್ತಕ ಕಳೆದದ್ದು. ಗಳಿಗೆ ಹಾಕಿ ಬರೆದ ಮಾತು ಬರೆದ ಮರುಕ್ಷಣವೇ ಪುಸ್ತಕಕ್ಕೆ ಸೇರಿಬಿಡುತ್ತದೆ. ಕಾಗುಣಿತ ತಪ್ಪಿದ್ದರೆ ಸದ್ದಿಲ್ಲದೆ ಸರಿಮಾಡಿಕೊಳ್ಳಲಿ, ಅದರಿಂದ ಯಾರಿಗೂ ಮೋಸವಿಲ್ಲ. ಹೆಸರು, ಅಂಕಿ, ಯಾರು ಹೇಳಿದರು ಎಂಬುದು ಬದಲಾದರೆ ಹಾಗಲ್ಲ.

ಏಕೆ ಹಾಗಲ್ಲ ಎಂದು ನಾನು ಆಮೇಲೆ ಬಹಳ ದಿನ ಯೋಚಿಸಿದೆ. ಸಂಜೆ 136 ಎಂದು ಬರೆದದ್ದು ಸುಳ್ಳೇ? ಅಲ್ಲ ಎಂದೇ ನನ್ನ ಎಣಿಕೆ. ಸುಳ್ಳು ಎನ್ನಲು ಹೇಳುವವರಿಗೆ ನಿಜ ಗೊತ್ತಿರಬೇಕು. ಆ ಹೊತ್ತಿಗೆ ನಿಜವೇ ಹುಟ್ಟಿರಲಿಲ್ಲ. ಅದು ಆತುರ, ಘೋಷಣೆಯಾಗುವ ಮೊದಲೇ ‘ಗೆಲುವು’ ಎಂದ ಆತುರ. ಆದರೆ ರಾತ್ರಿ ಅದನ್ನು ಸದ್ದಿಲ್ಲದೆ 135 ಮಾಡಿಬಿಟ್ಟಿದ್ದರೆ ಅದು ಖಂಡಿತ ಸುಳ್ಳು, ಅಂಕಿ ಸರಿಯಾಗಿದ್ದರೂ. ಸರಿಯಾದ ಅಂಕಿಯನ್ನು ಬರೆದು ಸುಳ್ಳು ಹೇಳಲು ಸಾಧ್ಯ ಎಂಬುದು ವಿಚಿತ್ರವಲ್ಲವೇ? ಅಂಕಿಯ ತಲೆಯ ಮೇಲಿರುವ ಗಂಟೆಯಿಂದಾಗಿ ಹಾಗಾಗುತ್ತದೆ. ಆ ಗಂಟೆ ‘ಈ ಹೊತ್ತಿಗೆ ನಮಗೆ ಇಷ್ಟು ಗೊತ್ತಿತ್ತು’ ಎಂದು ಆಣೆ ಇಟ್ಟು ಹೇಳುತ್ತಿರುತ್ತದೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸಂಜೆ ಆ ಟಿಪ್ಪಣಿ ಓದಿದ ಗೃಹಿಣಿಯೊಬ್ಬಳು ಪಕ್ಕದ ಮನೆಯಾಕೆಗೆ ‘136 ಬಂತಂತೆ, ಪತ್ರಿಕೆಯಲ್ಲೇ ಇದೆ’ ಎಂದಿರುತ್ತಾಳೆ. ಬೆಳಿಗ್ಗೆ ಪಕ್ಕದ ಮನೆಯಾಕೆ ಅದೇ ಟಿಪ್ಪಣಿ ತೆಗೆದು ನೋಡಿದರೆ, ಅದೇ ಸಂಜೆಯ ಗಂಟೆಯ ಕೆಳಗೆ 135 ಎಂದಿದೆ! ಈಗ ಸುಳ್ಳಿ ಯಾರಾದರು? ಪತ್ರಿಕೆಯಲ್ಲ, ನಂಬಿ ಹೇಳಿದ ಆ ಹೆಂಗಸು. ಅವಳ ಹತ್ತಿರ ಸಾಕ್ಷಿಯಿಲ್ಲ. ಇದ್ದ ಸಾಕ್ಷಿಯನ್ನು ಒರೆಸಿಯಾಗಿದೆ. ಅಳಿಸಿದವರು ತಮ್ಮ ತಪ್ಪನ್ನು ಇಲ್ಲವಾಗಿಸಲಿಲ್ಲ, ನಂಬಿದವಳ ತಲೆಗೆ ದಾಟಿಸಿದರು. ಅಂಕಿಯ ವಿಷಯದಲ್ಲಿ ಇದು ನಗೆಯಲ್ಲಿ ಮುಗಿಯಬಹುದು. ಯಾರದೋ ಮಗ ಕಳ್ಳತನದಲ್ಲಿ ಸಿಕ್ಕಿಬಿದ್ದ ಎಂದೋ, ಯಾರೋ ತೀರಿಕೊಂಡರು ಎಂದೋ ಸುದ್ದಿಯಿದ್ದರೆ? ಗಾಳಿಸುದ್ದಿ ಹಬ್ಬಿಸಿದಳು ಎಂಬ ಮಾತು ನಮ್ಮಂಥ ಚಿಕ್ಕ ಊರುಗಳಲ್ಲಿ ಒಬ್ಬಳ ಬೆನ್ನಿಗೆ ಎಷ್ಟು ವರ್ಷ ಅಂಟಿಕೊಂಡಿರುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ತೀರಿಕೊಂಡರು ಎಂಬ ಸುದ್ದಿಯ ಮಾತು ಬಂತು. 1979ರ ಮಾರ್ಚಿಯಲ್ಲಿ, ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಜಯಪ್ರಕಾಶ ನಾರಾಯಣರು ಮುಂಬಯಿಯ ಜಸ್‌ಲೋಕ್ ಆಸ್ಪತ್ರೆಯಲ್ಲಿ ತೀರ ಅಸ್ವಸ್ಥರಾಗಿದ್ದರು. 22ನೆಯ ತಾರೀಖು ಅವರು ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಲೋಕಸಭೆಯಲ್ಲೇ ಹೇಳಿಬಿಟ್ಟರು. ಸಭಾಧ್ಯಕ್ಷರು ನಮ್ಮವರೇ ಆದ ಕೆ. ಎಸ್. ಹೆಗ್ಡೆ. ಸದನ ಶ್ರದ್ಧಾಂಜಲಿ ಸಲ್ಲಿಸಿ ಮುಂದೂಡಿತು, ಆಕಾಶವಾಣಿ ಸುದ್ದಿ ಬಿತ್ತರಿಸಿತು. ಜೆ.ಪಿ. ಮಾತ್ರ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದರು. ಅವರು ತೀರಿಕೊಂಡದ್ದು ಅದೇ ವರ್ಷ ಅಕ್ಟೋಬರ್ 8ರಂದು, ಪಾಟ್ನಾದಲ್ಲಿ. ನಮ್ಮ ಬೀದಿಯಲ್ಲಿ ಅವರನ್ನು ದೇವರಂತೆ ಕಾಣುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ರೇಡಿಯೋ ಕೇಳಿದವರೇ ಪಟಕ್ಕೆ ಹಾರ ಹಾಕಿ ದೀಪ ಹಚ್ಚಿ ಕೂತರು. ಆಮೇಲೆ ಯಾರೋ ಓಡಿ ಬಂದು ಬದುಕಿದ್ದಾರಂತೆ ಎಂದಾಗ, ಹಾರ ತೆಗೆದರೆ ಸರಿಯೋ ಬಿಟ್ಟರೆ ಸರಿಯೋ ತಿಳಿಯದೆ ಅವರು ಎಷ್ಟೋ ಹೊತ್ತು ಪಟದ ಮುಂದೆ ಕೈಕಟ್ಟಿ ನಿಂತಿದ್ದರು ಎಂದು ನನ್ನ ತಾಯಿ ಹೇಳುತ್ತಿದ್ದರು. ಫೋನೂ ಇಲ್ಲ, ನಿಮಿಷಕ್ಕೊಂದು ಟಿಪ್ಪಣಿಯೂ ಇಲ್ಲದ ಕಾಲ ಅದು. ಆತುರವೆಂಬುದು ಫೋನಿನ ಜೊತೆ ಹುಟ್ಟಿದ್ದಲ್ಲ. ಆ ದಿನ ಮೊದಲ ಸುದ್ದಿ ಕೇಳಿ ಎರಡನೆಯದನ್ನು ಕೇಳದೆ ಹೊಲಕ್ಕೋ ಸಂತೆಗೋ ಹೋದವರು ಎಷ್ಟು ಜನವೋ. ಅವರ ಲೆಕ್ಕದಲ್ಲಿ ಜೆ.ಪಿ. ಎರಡು ಬಾರಿ ತೀರಿಕೊಂಡರು.

ಇದೇ ಕಥೆ ಗಂಟೆ ನಿಮಿಷಗಳ ಸಮೇತ ಅಮೆರಿಕದಲ್ಲಿ ನಡೆಯಿತು. 2011ರ ಜನವರಿ 8, ಶನಿವಾರ. ಅರಿಜೋನಾ ರಾಜ್ಯದ ಟೂಸಾನ್ ಎಂಬಲ್ಲಿ ಅಂಗಡಿಯೊಂದರ ಮುಂದೆ ಜನರನ್ನು ಭೇಟಿಯಾಗುತ್ತಿದ್ದ ಸಂಸತ್ ಸದಸ್ಯೆ ಗೇಬ್ರಿಯೆಲ್ ಗಿಫರ್ಡ್ಸ್ ಅವರ ತಲೆಗೆ ಬೆಳಿಗ್ಗೆ 10 ಗಂಟೆ ದಾಟುತ್ತಿದ್ದಂತೆ ಒಬ್ಬ ಗುಂಡು ಹೊಡೆದ. ಒಟ್ಟು ಆರು ಮಂದಿ ಸತ್ತರು, ಅವರಲ್ಲಿ ಒಂಬತ್ತು ವರ್ಷದ ಹುಡುಗಿಯೂ ಒಬ್ಬಳು. ಅಮೆರಿಕದ ಪೂರ್ವ ಭಾಗದ ಗಡಿಯಾರದಲ್ಲಿ ಮಧ್ಯಾಹ್ನ 2.01ಕ್ಕೆ, ಅಂದರೆ ಟೂಸಾನಿನಲ್ಲಿ 12.01, ನಮ್ಮಲ್ಲಿ ನಡುರಾತ್ರಿ ದಾಟಿ 12.31, ಎನ್‌ಪಿಆರ್ ಎಂಬ ಪ್ರತಿಷ್ಠಿತ ರೇಡಿಯೋ ಸಂಸ್ಥೆ ಗಿಫರ್ಡ್ಸ್ ಸತ್ತರೆಂದು ಪ್ರಸಾರ ಮಾಡಿತು. ಟ್ವಿಟರಿನಲ್ಲೂ ಬರೆಯಿತು. ಅಲ್ಲಿಂದ ಅದು ದೊಡ್ಡ ದೊಡ್ಡ ಟಿ.ವಿ. ವಾಹಿನಿಗಳಿಗೆ ಹಬ್ಬಿತು. ಆಕೆ ಸತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು.

ಎನ್‌ಪಿಆರ್ ಆಮೇಲೆ ಕ್ಷಮೆ ಕೇಳಿ, ಸುದ್ದಿ ತಮಗೆ ಎರಡು ಬೇರೆ ಬೇರೆ ಸರ್ಕಾರಿ ಮೂಲಗಳಿಂದ ಬಂದಿತ್ತು ಎಂದಿತು. ಎರಡು ಮೂಲ ಬೇಕು ಎಂಬುದು ಪತ್ರಿಕೆಯವರ ಹಳೆಯ ನಿಯಮ. ಇಲ್ಲಿ ನಿಯಮ ಪಾಲಿಸಿದ್ದರು, ಆದರೂ ಕೆಟ್ಟಿತು. ಏಕೆಂದರೆ ಎರಡು ಬಾಯಿ ಇದ್ದ ಮಾತ್ರಕ್ಕೆ ನಾಲ್ಕು ಕಣ್ಣು ಇರುತ್ತವೆಂದಲ್ಲ. ನಲ್ಲಿಯ ಹತ್ತಿರ ಒಂದೇ ಮಾತು ಕೇಳಿಸಿಕೊಂಡ ಇಬ್ಬರು ಬೇರೆ ಬೇರೆ ಬೀದಿಯಲ್ಲಿ ಅದನ್ನೇ ಹೇಳಿದರೆ ಸಾಕ್ಷಿ ಎರಡಾಗುವುದಿಲ್ಲ. ನಮ್ಮ ಹುಡುಗಿಯ ಕಚೇರಿಯಲ್ಲಿ ಇಂಥ ಸುದ್ದಿಗೆ ಕೇಳಬೇಕಾದ ಪ್ರಶ್ನೆ ‘ನಿಮಗೆ ಗೊತ್ತೇ?’ ಎಂದಲ್ಲ, ‘ನಿಮಗೆ ಹೇಗೆ ಗೊತ್ತು?’ ಎಂದು ಕಲಿಸಿದ್ದಾರಂತೆ. ಸಾವನ್ನು ಹೇಳಬಲ್ಲವರು ಇಬ್ಬರೇ: ಆಸ್ಪತ್ರೆಯವರು, ಮನೆಯವರು. ಅಂದು ಆ ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ.

ತಪ್ಪು ತಿಳಿದ ಮೇಲೆ ಅಲ್ಲಿಯೂ ಅದೇ ಪ್ರಶ್ನೆ ಎದ್ದಿತು. ಕೆಲವು ಸಂಸ್ಥೆಗಳು ತಮ್ಮ ಸಾಲನ್ನು ಅಳಿಸಿಹಾಕಿದವು. ಎನ್‌ಪಿಆರ್‌ನಲ್ಲಿದ್ದ ಆಂಡಿ ಕಾರ್ವಿನ್ ಎಂಬವರು ಅಳಿಸುವುದು ಬೇಡವೆಂದು ತೀರ್ಮಾನಿಸಿ, ಅದನ್ನು ಬಹಿರಂಗವಾಗಿಯೇ ಹೇಳಿದರು. ಅದರ ಮೇಲೆ ಪತ್ರಕರ್ತರ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಅಳಿಸಬೇಕು ಎನ್ನುವವರ ಮಾತಿನಲ್ಲೂ ತೂಕವಿದೆ ಎಂದು ಒಪ್ಪಲೇಬೇಕು. ಹಾಜರಿ ಪುಸ್ತಕವನ್ನು ಬಂದುಹೋದವರೆಲ್ಲ ಹರಿದು ಮನೆಗೆ ಒಯ್ಯುವುದಿಲ್ಲ. ಈ ಒಂದು ಸಾಲನ್ನಾದರೆ ಯಾರು ಬೇಕಾದರೂ ಎತ್ತಿ ಇನ್ನೊಬ್ಬರಿಗೆ ಕಳಿಸಬಹುದು. ತಿದ್ದುಪಡಿ ಎಲ್ಲೋ ಬೇರೆ ಸಾಲಿನಲ್ಲಿ ಉಳಿದುಹೋಗುತ್ತದೆ. ಸುಳ್ಳು ಮಾತ್ರ ಊರೂರು ಸುತ್ತುತ್ತಿರುತ್ತದೆ. ಮನೆಯೊಳಗೆ ಬಿದ್ದ ಕೆಂಡವನ್ನು, ಬಿದ್ದದ್ದಕ್ಕೆ ಸಾಕ್ಷಿ ಬೇಕೆಂದು ಯಾರಾದರೂ ಹಾಗೇ ಬಿಡುತ್ತಾರೆಯೇ ಎಂದು ಅವರು ಕೇಳಿದರೆ ಥಟ್ಟನೆ ಉತ್ತರ ಕೊಡುವುದು ಕಷ್ಟ.

ನನಗೆ ತೋಚುವುದು ಇಷ್ಟು. ತಿದ್ದುಪಡಿಯನ್ನು ಅದೇ ಸಾಲಿನೊಳಗೆ, ಒಟ್ಟಿಗೇ ಕಣ್ಣಿಗೆ ಬೀಳುವಂತೆ ಸೇರಿಸಲು ಬರುವುದಾದರೆ ಅಳಿಸಬಾರದು, ಗೆರೆ ಎಳೆಯಬೇಕು. ಹಾಗೆ ಸೇರಿಸಲು ಬಾರದ ಕಡೆ, ಸುಳ್ಳು ಒಬ್ಬಂಟಿಯಾಗಿ ಓಡಾಡುವಂತಿದ್ದರೆ, ಅಳಿಸಲಿ. ಆದರೆ ಅಳಿಸಿದ ಜಾಗದಲ್ಲಿ ‘ಇಲ್ಲಿ ಇಂಥ ಹೊತ್ತಿಗೆ ಹೀಗೆಂದು ಬರೆದಿದ್ದೆವು, ಅದು ತಪ್ಪು, ಇಂಥ ಹೊತ್ತಿಗೆ ತೆಗೆದೆವು’ ಎಂದು ಬರೆಯಲಿ. ಟಿಂಗ್ ಎಂದು ಸದ್ದು ಮಾಡಿ ಫೋನಿಗೆ ಬರುವ ಸಂದೇಶಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಗುವುದಿಲ್ಲ. ಮೊದಲನೆಯದು ಸದ್ದು ಮಾಡಿ ಹೋಗಿದ್ದರೆ ತಿದ್ದುಪಡಿಯೂ ಅಷ್ಟೇ ಸದ್ದು ಮಾಡಿಯೇ ಹೋಗಬೇಕು. ನಾನು ಕಂಡಂತೆ ಸಾಮಾನ್ಯವಾಗಿ ತಪ್ಪು ಡಂಗುರದಲ್ಲಿ ಹೋಗುತ್ತದೆ, ತಿದ್ದುಪಡಿ ಪಿಸುಮಾತಿನಲ್ಲಿ.

ಗಿಫರ್ಡ್ಸ್ ಅವರ ಗಂಡ ಮಾರ್ಕ್ ಕೆಲಿ ಆಗ ಗಗನಯಾತ್ರಿಯಾಗಿದ್ದರು. ಆ ಶನಿವಾರ ಹ್ಯೂಸ್ಟನ್ನಿನಲ್ಲಿದ್ದರು. ಹೆಂಡತಿಗೆ ಗುಂಡು ತಗುಲಿದ ಸುದ್ದಿ ಬಂದ ಕೂಡಲೇ ಸ್ನೇಹಿತರ ವಿಮಾನದಲ್ಲಿ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಟೂಸಾನಿಗೆ ಹೊರಟರು. ವಿಮಾನದಲ್ಲಿ ಟಿ.ವಿ. ಇತ್ತು. ಸುದ್ದಿ ತಿಳಿಯಲೆಂದು ಅದನ್ನು ನೋಡುತ್ತಿದ್ದಾಗಲೇ ಆಕೆ ಸತ್ತಳು ಎಂದು ಕೇಳಿದರು. ಮಕ್ಕಳು ಅತ್ತರು. ತಾವು ಬಚ್ಚಲಿಗೆ ಹೋಗಿ ಅತ್ತೆನೆಂದು ಅವರು ನಂತರ ಸಂದರ್ಶನವೊಂದರಲ್ಲಿ ಹೇಳಿದರು. ಆಮೇಲೆ ಟೂಸಾನಿಗೆ ಫೋನ್ ಮಾಡಿ ವಿಚಾರಿಸಿದಾಗಲೇ ಆಕೆ ಬದುಕಿದ್ದಾಳೆಂದು ತಿಳಿದದ್ದು. ನಡುವೆ ಸುಮಾರು ಇಪ್ಪತ್ತು ನಿಮಿಷ. ಗಿಫರ್ಡ್ಸ್ ಬದುಕಿದರು. ನಡಿಗೆ ಮಾತುಗಳನ್ನು ಮತ್ತೆ ಮೊದಲಿನಿಂದ ಕಲಿತರು. ಮರುವರ್ಷ ಜನವರಿಯಲ್ಲಿ ಸಂಸತ್ತಿಗೆ ಬಂದು ರಾಜೀನಾಮೆ ಕೊಟ್ಟರು.

ಎಣಿಕೆಯ ದಿನ ಕಳೆದು ಒಂದೆರಡು ದಿನದ ಮೇಲೆ, ಮಗು ಮಲಗಿದ್ದಾಗ ಈ ಕಥೆಯನ್ನು ನನಗೆ ಹೇಳಿದವಳು ನನ್ನ ತಂಗಿಯ ಮಗಳೇ.

“ಆ ಸಾಲನ್ನು ಇಟ್ಟರೂ ಅಳಿಸಿದರೂ ಆ ಇಪ್ಪತ್ತು ನಿಮಿಷಕ್ಕೆ ಏನೂ ಆಗಲ್ಲ ಅಲ್ವಾ ದೊಡ್ಡಮ್ಮಾ?” ಎಂದಳು.

“ಮತ್ತೆ ನೀನು ಎಣಿಕೆ ದಿನ ಆ ‘ಗೆಲುವು’ ಅನ್ನೋದನ್ನ ಬರೆಯೋಕೆ ಮುಂಚೆ ಒಂದು ಗಳಿಗೆ ಸುಮ್ಮನೆ ಕೂತಿದ್ದೆಯಲ್ಲ, ಯಾಕೆ?” ಎಂದು ಕೇಳಿದೆ. ನಾನದನ್ನು ಗಮನಿಸಿದ್ದೆ. ಉಳಿದವರೆಲ್ಲ ಹಾಕಿದ್ದಾರೆ, ನೀನೊಬ್ಬಳೇ ಬಾಕಿ ಎಂದು ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

“ಅಧಿಕಾರಿ ಇನ್ನೂ ಘೋಷಿಸಿಲ್ಲ ಅಂತ ಆಗ ಒಂದು ಟಿಪ್ಪಣಿ ಹಾಕಿದ್ದೆ” ಎಂದಳು. “ಇಡೀ ದಿನದಲ್ಲಿ ಜನ ತೀರಾ ಕಡಿಮೆ ಓದಿದ್ದು ಅದನ್ನೇ.”

ಒಳಗೆ ಮಗು ಅಳುವ ಸದ್ದಾಯಿತು. ಅವಳು ಎದ್ದು ಹೋದಳು.